ಕೆಲಸ ಬಿಟ್ಟವರ ಅಕೌಂಟ್ ಸೇಫಾಗಿ ಮುಚ್ಚೋದು ಹೇಗೆ: ಎಚ್‌ಆರ್ ದಾಖಲೆಯಿಂದ ಅಪ್ಲಿಕೇಶನ್‌ಗೆ ಸಿಂಕ್, ಹಂತ ಹಂತವಾಗಿ

ಈ ವಿಷಯದಲ್ಲಿ ಬರೋ ಪ್ರಶ್ನೆಗಳು ಹೆಚ್ಚಾಗಿ ಎರಡೇ ತರ. ಒಂದು, "ಸ್ಕ್ರಿಪ್ಟ್ ದಿನಾ ಓಡ್ತಿದೆ, ಲಾಗ್‌ನಲ್ಲಿ ಎಲ್ಲಾ ಸಕ್ಸೆಸ್ ಅಂತಿದೆ, ಆದ್ರೂ ಕೆಲಸ ಬಿಟ್ಟೋರು ಇನ್ನೂ ಒಳಗಿದ್ದಾರೆ". ಇನ್ನೊಂದು ಅದರ ಉಲ್ಟಾ, "ಬೆಳಿಗ್ಗೆ ಬಂದು ನೋಡಿದ್ರೆ ಅರ್ಧ ಆಫೀಸ್‌ಗೆ ಲಾಗಿನ್ ಆಗ್ತಿಲ್ಲ". ಎರಡಕ್ಕೂ ಬೇರು ಹುಡುಕ್ತಾ ಹೋದ್ರೆ ಸಿಗೋದು ಎರಡು ತಪ್ಪು: ಫೈಲ್‌ನಲ್ಲಿ ಹೆಸರಿಲ್ಲ ಅಂದ್ರೆ ಕೆಲಸ ಬಿಟ್ಟಿದ್ದಾರೆ ಅಂತ ಸ್ಕ್ರಿಪ್ಟ್ ಅಂದ್ಕೊಳ್ಳೋದು, ಮತ್ತೆ ಅಕೌಂಟ್ ಡಿಸೇಬಲ್ ಆದ ತಕ್ಷಣ ಆ ವ್ಯಕ್ತಿ ಹೊರಗೆ ಹೋದ ಹಾಗೆ ಅಂತ ನಾವು ಅಂದ್ಕೊಳ್ಳೋದು. ಕೆಳಗಿರೋ ಹಂತಗಳ ಆರ್ಡರ್ ಈ ಎರಡನ್ನೂ ತಪ್ಪಿಸೋಕೇ ಇರೋದು, ಅದಕ್ಕೆ ದಯವಿಟ್ಟು ನೇರವಾಗಿ 6ನೇ ಹಂತಕ್ಕೆ ಹಾರ್ಬೇಡಿ.

## ಶುರು ಮಾಡೋಕೆ ಮುಂಚೆ ಕೈಲಿ ಇರ್ಬೇಕಾದ್ದು

ಎಚ್‌ಆರ್ ಸಿಸ್ಟಮ್‌ನಿಂದ ಓದೋಕೆ ಮಾತ್ರ ಪರ್ಮಿಶನ್ ಇರೋ ಒಂದು ಎಪಿಐ ಕೀ, ಅಥವಾ ಗೊತ್ತಾದ ಟೈಮಿಗೆ ಬಂದು ಬೀಳೋ ಸಿಎಸ್‌ವಿ ಫೈಲ್. ಅಪ್ಲಿಕೇಶನ್ ಕಡೆ ಯೂಸರ್‌ಗಳನ್ನ ಓದೋಕೆ, ಮಾಡೋಕೆ, ಡಿಸೇಬಲ್ ಮಾಡೋಕೆ ಆಗೋ ಎಪಿಐ. ಈಗಿನ ತುಂಬಾ ಅಪ್ಲಿಕೇಶನ್‌ಗಳಲ್ಲಿ ಇದು ಸ್ಕಿಮ್ 2.0 ಅನ್ನೋ ಸ್ಟಾಂಡರ್ಡ್‌ನಲ್ಲಿ ಸಿಗತ್ತೆ (2015ರ ಆರ್‌ಎಫ್‌ಸಿ 7643 ಮತ್ತೆ 7644), ಕೆಳಗಿನ ಉದಾಹರಣೆಗಳನ್ನೂ ಅದರಲ್ಲೇ ಕೊಟ್ಟಿದ್ದೀನಿ. ನಿಮ್ಮದು ಬೇರೆ ಎಪಿಐ ಆದ್ರೂ ಹಂತಗಳು ಬದಲಾಗಲ್ಲ.

ಇವುಗಳ ಜೊತೆ ಸಿಂಕ್‌ದೇ ಆದ ಒಂದು ಚಿಕ್ಕ ಡೇಟಾಬೇಸ್ ಬೇಕು. ಹಿಂದಿನ ರನ್‌ನಲ್ಲಿ ಏನು ನೋಡಿತ್ತು, ಯಾರಿಗೆ ಏನು ಮಾಡ್ತು, ಯಾಕೆ ಮಾಡ್ತು ಅನ್ನೋದು ಅದರಲ್ಲಿ ಇರ್ಬೇಕು. ಇದನ್ನ ಬಿಟ್ಟು ಪ್ರತಿ ಸಲ ಹೊಸದಾಗಿ ಹೋಲಿಸೋ ಸ್ಕ್ರಿಪ್ಟ್ ಬರೆದ್ರೆ ಮುಂದೆ ಏನಾದ್ರೂ ತಪ್ಪಾದಾಗ ವಾಪಸ್ ಹೋಗೋಕೆ ದಾರಿನೇ ಇರಲ್ಲ.

## ಹಂತ 1: ಜೋಡಿಸೋ ಕೀ ಯಾವುದು ಅಂತ ತೀರ್ಮಾನ ಮಾಡಿ

ಎಚ್‌ಆರ್‌ನ ಒಂದು ಸಾಲು, ಅಪ್ಲಿಕೇಶನ್‌ನ ಒಂದು ಅಕೌಂಟ್, ಇವೆರಡೂ ಒಬ್ಬರದೇ ಅಂತ ಹೇಳೋ ಕೀ ಎಂಪ್ಲಾಯೀ ನಂಬರ್ ಆಗಿರ್ಬೇಕು. ಇಮೇಲ್ ಬೇಡ. ಇಮೇಲ್ ಚೆನ್ನಾಗಿ ಕೆಲಸ ಮಾಡೋ ಹಾಗೆ ಕಾಣತ್ತೆ, ಆದ್ರೆ ಹೆಸರು ಬದಲಾಯಿಸಿದವರ ಇಮೇಲ್ ಬದಲಾದ ದಿನ ಸ್ಕ್ರಿಪ್ಟ್ ಕಣ್ಣಿಗೆ ಒಬ್ಬರು ಬಿಟ್ಟು ಇನ್ನೊಬ್ಬರು ಸೇರಿದ ಹಾಗೆ ಆಗತ್ತೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಬಿಟ್ಟುಹೋದವರ ಇಮೇಲ್ ಅಡ್ರೆಸ್ಸನ್ನ ಒಂದು ವರ್ಷ ಆದ್ಮೇಲೆ ಅದೇ ಹೆಸರಿನ ಹೊಸಬರಿಗೆ ಕೊಡ್ತಾರೆ, ಸ್ಕ್ರಿಪ್ಟ್ ಹಳೇ ಅಕೌಂಟನ್ನೇ ಎಬ್ಬಿಸಿ ಅದರ ಎಲ್ಲಾ ಅಧಿಕಾರದ ಸಮೇತ ಅವರ ಕೈಗೆ ಕೊಡತ್ತೆ.

ಸ್ಕಿಮ್‌ನಲ್ಲಿ ಈ ನಂಬರ್ ಇಡೋ ಜಾಗ `externalId`. ಕಳಿಸೋ ಕಡೆಯವರು ತಮ್ಮ ಗುರುತು ಇಟ್ಕೊಳ್ಳೋಕೇ ಅಂತ ಇರೋ ಫೀಲ್ಡ್ ಅದು. ಕೆಲವು ಅಪ್ಲಿಕೇಶನ್‌ಗಳು ಅದನ್ನ ಸ್ಟೋರ್ ಮಾಡಲ್ಲ, ಹಾಗಿದ್ರೆ ನಂಬರ್ ಮತ್ತೆ ಅಪ್ಲಿಕೇಶನ್‌ನ `id` ಎರಡರ ಜೋಡಿಯನ್ನ ನಿಮ್ಮ ಸಿಂಕ್ ಡೇಟಾಬೇಸ್‌ನಲ್ಲೇ ಇಡಿ.

ಇಲ್ಲಿ ಪದೇ ಪದೇ ಆಗೋ ಎಡವಟ್ಟು ಒಂದಿದೆ. ನಂಬರ್ `004571` ಅಂತ ಇರತ್ತೆ, ಯಾರೋ ಫೈಲನ್ನ ಎಕ್ಸೆಲ್‌ನಲ್ಲಿ ತೆಗೆದು ಒಂದು ಸ್ಪೆಲಿಂಗ್ ಸರಿ ಮಾಡಿ ಸೇವ್ ಮಾಡ್ತಾರೆ, ಮುಂದಿನ ಸೊನ್ನೆಗಳು ಹೋಗಿ `4571` ಆಗತ್ತೆ, ಆಮೇಲೆ ಯಾರೂ ಯಾರಿಗೂ ಮ್ಯಾಚ್ ಆಗಲ್ಲ. ಎಂಪ್ಲಾಯೀ ನಂಬರನ್ನ ಎಲ್ಲಾ ಕಡೆ ಟೆಕ್ಸ್ಟ್ ಆಗಿಯೇ ಓದಿ, ಉದ್ದ ಕಮ್ಮಿ ಇದ್ರೆ ಆ ರನ್ ನಿಲ್ಸಿ, ಸೊನ್ನೆ ತುಂಬಿಸಿಕೊಂಡು ಮುಂದೆ ಹೋಗೋ ಜಾಣತನ ಬೇಡ, ಯಾಕಂದ್ರೆ ಫೈಲನ್ನ ಯಾರೋ ಕೈಯಿಂದ ಮುಟ್ಟಿದ್ದಾರೆ ಅಂತ ಗೊತ್ತಾಗಿದ್ದೇ ಅಲ್ಲಿ ದೊಡ್ಡ ವಿಷಯ.

## ಹಂತ 2: ಎಚ್‌ಆರ್‌ನಿಂದ ಏನೇನು ತಗೋಬೇಕು

ಕಮ್ಮಿ ಫೀಲ್ಡ್ ಸಾಕು: ನಂಬರ್, ಹೆಸರು, ಆಫೀಸ್ ಇಮೇಲ್, ವಿಭಾಗ, ಮ್ಯಾನೇಜರ್ ನಂಬರ್, ಸ್ಟೇಟಸ್, ಸೇರೋ ದಿನ, ಕೊನೇ ಕೆಲಸದ ದಿನ. ಸಂಬಳ, ಹುಟ್ಟಿದ ದಿನ, ಮನೆ ವಿಳಾಸ ಎಕ್ಸ್‌ಪೋರ್ಟ್‌ನಲ್ಲಿ ಬರ್ತಿದ್ರೆ ಎಚ್‌ಆರ್‌ನವರಿಗೆ ಹೇಳಿ ತೆಗೆಸಿ. ಲಾಗಿನ್ ಮಾಡ್ಸೋ ಕೆಲಸಕ್ಕೆ ಅದ್ಯಾವುದೂ ಬೇಡ.

ತುಂಬಾ ಮುಖ್ಯವಾದ್ದು ಏನಂದ್ರೆ ಬಿಟ್ಟವರ ಸಾಲು ಫೈಲ್‌ನಲ್ಲಿ ಇರ್ಲೇಬೇಕು, ಸ್ಟೇಟಸ್ ಮಾತ್ರ ಬೇರೆ ಆಗಿರ್ಬೇಕು. ಬಹಳಷ್ಟು ಎಚ್‌ಆರ್ ಸಿಸ್ಟಮ್‌ಗಳ ಡೀಫಾಲ್ಟ್ ಎಕ್ಸ್‌ಪೋರ್ಟ್ ಈಗ ಕೆಲಸದಲ್ಲಿ ಇರೋರನ್ನ ಮಾತ್ರ ಕೊಡತ್ತೆ, ಬಿಟ್ಟ ದಿನ ಸಾಲೇ ಮಾಯ. ಆ ಫಿಲ್ಟರ್ ತೆಗೆಸಿ, ಬಿಟ್ಟು 90 ದಿನ ಆಗೋವರೆಗಾದ್ರೂ ಅವರ ಸಾಲು ಬರೋ ಹಾಗೆ ಮಾಡ್ಸಿ. ಇದಕ್ಕೆ ಒಪ್ಪಿಸೋಕೆ ಒಂದು ವಾರ ಮೀಟಿಂಗ್ ಮಾಡ್ಬೇಕಾದ್ರೂ ಮಾಡಿ, ಮುಂದಿನದ್ದೆಲ್ಲಾ ಇದರ ಮೇಲೆ ನಿಂತಿದೆ.

ಸ್ಟೇಟಸ್‌ಗಳ ಅರ್ಥವನ್ನ ಎಚ್‌ಆರ್‌ನವರ ಜೊತೆ ಕೂತ್ಕೊಂಡು ಒಂದೊಂದಾಗಿ ಬರ್ಕೊಳ್ಳಿ. ನೋಟಿಸ್ ಪೀರಿಯಡ್‌ನಲ್ಲಿ ಇರೋರು ಇನ್ನೂ ಕೆಲಸ ಮಾಡ್ತಿರ್ತಾರೆ. ಹೆರಿಗೆ ರಜೆ ಅಥವಾ ಲಾಂಗ್ ಲೀವ್‌ನಲ್ಲಿ ಇರೋರು ಬಿಟ್ಟವರಲ್ಲ, ಅವರ ಲಾಗಿನ್ ಇರ್ಬೇಕಾ ಬೇಡ್ವಾ ಅನ್ನೋದು ಎಚ್‌ಆರ್ ತೀರ್ಮಾನ, ಪ್ರೋಗ್ರಾಮ್ ಬರೆಯೋರದ್ದಲ್ಲ. ನಿಮ್ಮ ಪಟ್ಟೀಲಿ ಇಲ್ಲದ ಹೊಸ ಸ್ಟೇಟಸ್ ಒಂದು ದಿನ ಬಂದ್ರೆ ಸ್ಕ್ರಿಪ್ಟ್ ಊಹೆ ಮಾಡ್ಬಾರ್ದು, ಆ ಸಾಲನ್ನ ಮುಟ್ಟದೆ ಪಕ್ಕಕ್ಕಿಟ್ಟು ಕೂಗ್ಬೇಕು.

ಇನ್ನು ದಿನಾಂಕ. ಫೈಲ್‌ನಲ್ಲಿ `2025-03-31` ಅಂತ ಬರೀ ದಿನ ಇರತ್ತೆ, ಟೈಮ್ ಇರಲ್ಲ, ಸರ್ವರ್ ಯುಟಿಸಿಯಲ್ಲಿ ಓಡ್ತಿರತ್ತೆ. ಆಫೀಸಿನ ಗಡಿಯಾರ ಸರ್ವರ್‌ಗಿಂತ 8 ಗಂಟೆ ಹಿಂದೆ ಇದ್ರೆ, ಸರ್ವರ್ ಪ್ರಕಾರ 31ನೇ ತಾರೀಖು ಮುಗಿಯೋ ಹೊತ್ತಿಗೆ ಆಫೀಸಲ್ಲಿ ಇನ್ನೂ ಸಂಜೆ 4 ಗಂಟೆ, ಆ ವ್ಯಕ್ತಿ ಹ್ಯಾಂಡೋವರ್ ಡಾಕ್ಯುಮೆಂಟ್ ಬರೀತಾ ಕೂತಿರೋವಾಗ್ಲೇ ಸ್ಕ್ರೀನ್ ಮುಂದೆ ಲಾಗ್ ಔಟ್. ಅದಕ್ಕೆ ಪ್ರತಿ ಸಾಲಿಗೂ ಕೆಲಸದ ಜಾಗದ ಟೈಮ್‌ಝೋನ್ ಸೇರ್ಸಿ, "ಕೊನೇ ದಿನ ಅಲ್ಲಿನ ಟೈಮ್ ಪ್ರಕಾರ ಇಷ್ಟು ಗಂಟೆಗೆ" ಅಂತ ಒಂದೇ ರೂಲ್ ಇಟ್ಕೊಳ್ಳಿ. ಮತ್ತೆ `03/04/2025` ತರದ ದಿನಾಂಕ ಬಂದ್ರೆ ಒಪ್ಕೋಬೇಡಿ, ಅದು ಮಾರ್ಚೋ ಏಪ್ರಿಲೋ ಅಂತ ಯಾರೂ ಗ್ಯಾರಂಟಿ ಕೊಡಲ್ಲ.

## ಹಂತ 3: ಮೊದಲ ಸಲ ಕೈಯಿಂದ ಜೋಡಿಸಿ

ಹೊಸ ಸಿಂಕ್ ಅಂದ್ರೆ ಅಪ್ಲಿಕೇಶನ್‌ನಲ್ಲಿ ಈಗಾಗ್ಲೇ ಇರೋ ಅಕೌಂಟ್‌ಗಳಿಗೆ ಎಂಪ್ಲಾಯೀ ನಂಬರ್ ಇರಲ್ಲ. ಈ ಒಂದು ಸಲ ಮಾತ್ರ ಇಮೇಲ್ ಇಟ್ಕೊಂಡು ಮ್ಯಾಚ್ ಮಾಡಿ ನಂಬರ್ ತುಂಬ್ಸಿ, ಉಳಿದಿದ್ದನ್ನ ಮನುಷ್ಯರು ಕೂತು ನೋಡ್ಬೇಕು. ಉಳಿದವರು ಯಾರು ಅಂತ ಹೀಗೆ ತೆಗೀಬಹುದು:

```sql
SELECT a.id, a.email, a.external_id
FROM app_accounts a
LEFT JOIN hr_staff h ON h.emp_no = a.external_id
WHERE a.active = 1 AND h.emp_no IS NULL;
```

ಈ ಪಟ್ಟೀಲಿ ಮೂರು ತರದವರು ಸಿಗ್ತಾರೆ. ಯಾವಾಗ್ಲೋ ಬಿಟ್ಟುಹೋದವರು, ಅವರನ್ನ ಎಚ್‌ಆರ್ ಖಚಿತ ಮಾಡಿದ್ಮೇಲೆ ಮುಚ್ಚಿ. ಎಚ್‌ಆರ್ ದಾಖಲೆಗೆ ಬರದೇ ಇರೋ ಕಾಂಟ್ರಾಕ್ಟ್‌ನವರು, ಅವರಿಗೆ ಬೇರೆ ಒಂದು ರಿಜಿಸ್ಟರ್ ಮಾಡಿ, ಒಬ್ಬೊಬ್ಬರಿಗೂ ಒಳಗಿನ ಒಬ್ಬ ಜವಾಬ್ದಾರರು ಮತ್ತೆ ಮುಗಿಯೋ ದಿನಾಂಕ ಕಡ್ಡಾಯ. ಕೊನೇದು ಮನುಷ್ಯರೇ ಅಲ್ಲದ ಅಕೌಂಟ್‌ಗಳು: ಬ್ಯಾಕಪ್, ಇಂಟಿಗ್ರೇಶನ್, ಮತ್ತೆ ಎಲ್ಲಾ ಕೈಕೊಟ್ಟಾಗ ಒಳಗೆ ಹೋಗೋಕೆ ಇಟ್ಟಿರೋ ಅಡ್ಮಿನ್ ಅಕೌಂಟ್. ಇವನ್ನ ಸಿಂಕ್ ಮುಟ್ಟದ ಪಟ್ಟಿಗೆ ಹೆಸರು ಹೆಸರಾಗಿ ಹಾಕಿ. "`svc-` ಇಂದ ಶುರು ಆದ್ರೆ ಬಿಟ್ಬಿಡು" ಅನ್ನೋ ರೂಲ್ ಬೇಡ, ನಾಳೆ ಯಾರಾದ್ರೂ ತಮ್ಮ ಅಕೌಂಟಿಗೇ ಆ ಹೆಸರು ಇಟ್ಕೋತಾರೆ.

ಅಪ್ಲಿಕೇಶನ್‌ನಿಂದ ಯೂಸರ್‌ಗಳನ್ನ ಓದೋವಾಗ ಎಲ್ಲಾ ಪುಟ ಓದಿದ್ದೀರಾ ಅಂತ ನೋಡಿ. ಸ್ಕಿಮ್‌ನಲ್ಲಿ `startIndex` 1ರಿಂದ ಶುರು ಆಗತ್ತೆ, 0ಯಿಂದ ಅಲ್ಲ, ಒಟ್ಟು ಎಷ್ಟು ಅನ್ನೋದು `totalResults`ನಲ್ಲಿ ಬರತ್ತೆ. ನೀವು ಕೂಡಿಸಿದ್ದು ಆ ಸಂಖ್ಯೆಗೆ ಸಮ ಇಲ್ಲಾಂದ್ರೆ ಮುಂದೆ ಹೋಗ್ಬೇಡಿ. ಮೊದಲ ಪುಟ ಮಾತ್ರ ಓದಿದ್ರೆ ಉಳಿದವರಿಗೆಲ್ಲಾ ಅಕೌಂಟೇ ಇಲ್ಲ ಅಂದ್ಕೊಂಡು ಸ್ಕ್ರಿಪ್ಟ್ ಮತ್ತೆ ಮಾಡೋಕೆ ಹೋಗತ್ತೆ, ಲಾಗ್ ತುಂಬಾ 409 ಎರರ್. ಅದೇ ಇದರ ಗುರುತು.

## ಹಂತ 4: ಮೊದ್ಲು ಪಟ್ಟಿ, ಆಮೇಲೆ ಕೆಲಸ

ಹೋಲಿಸೋದು ಮತ್ತೆ ಬದಲಾಯಿಸೋದು ಎರಡು ಬೇರೆ ಬೇರೆ ಭಾಗ ಆಗಿರ್ಲಿ. ಮೊದಲ ಭಾಗ ಯಾವುದನ್ನೂ ಮುಟ್ಟಲ್ಲ, ಇವರನ್ನ ಸೇರ್ಸು, ಇವರ ವಿವರ ತಿದ್ದು, ಇವರನ್ನ ಡಿಸೇಬಲ್ ಮಾಡು, ಇವರ ವಿಷಯ ಅರ್ಥ ಆಗ್ಲಿಲ್ಲ ಅಂತ ನಾಲ್ಕು ಪಟ್ಟಿ ಬರೆದಿಡತ್ತೆ. ಎರಡನೇ ಭಾಗ ಆ ಪಟ್ಟಿ ಮಾತ್ರ ಓದತ್ತೆ. ಕನಿಷ್ಠ ಎರಡು ವಾರ ಮೊದಲ ಭಾಗ ಮಾತ್ರ ಓಡ್ಸಿ, ದಿನಾ ಪಟ್ಟಿ ನೋಡಿ, ಅದು ಹೇಳಿದ್ದು ನಿಜ ಆಗಿತ್ತಾ ಅಂತ ಎಚ್‌ಆರ್‌ನವರನ್ನ ಕೇಳಿ.

ಡಿಸೇಬಲ್ ಪಟ್ಟಿಗೆ ಬರೋಕೆ ಒಂದೇ ದಾರಿ: ಸಾಲು ಫೈಲ್‌ನಲ್ಲಿ ಇದೆ, ಸ್ಟೇಟಸ್ "ಬಿಟ್ಟಿದ್ದಾರೆ" ಅಂತಿದೆ, ಕೊನೇ ದಿನದ ಟೈಮ್ ದಾಟಿದೆ. ಸಾಲೇ ಕಾಣ್ತಿಲ್ಲ ಅಂದ್ರೆ ಅವರು ಅರ್ಥ ಆಗದ ಪಟ್ಟಿಗೆ ಹೋಗ್ತಾರೆ, ಅಷ್ಟೇ, ಮನುಷ್ಯರು ನೋಡೋವರೆಗೂ ಲಾಗಿನ್ ಹಾಗೇ ಇರತ್ತೆ. "ಆದ್ರೆ ಹಾಗೆ ಒಬ್ಬರು ಉಳ್ಕೊಂಡ್ರೆ ರಿಸ್ಕ್ ಅಲ್ವಾ" ಅಂತ ಸೆಕ್ಯೂರಿಟಿಯವರು ಕೇಳ್ತಾರೆ. ಹೌದು, ಅದಕ್ಕೇ ಆ ಪಟ್ಟಿಯನ್ನ ಅದೇ ದಿನ ನೋಡೋಕೆ ಒಬ್ಬರ ಹೆಸರು ಬರೀಬೇಕು. ಖಾಲಿ ಸಾಲನ್ನ ಅಪ್ಪಣೆ ಅಂತ ತಗೊಳ್ಳೋದಕ್ಕಿಂತ ಅದು ವಾಸಿ.

## ಹಂತ 5: ಬ್ರೇಕ್ ಹಾಕಿ

ಸುಮಾರು 1,200 ಜನರ ಸಂಸ್ಥೆ ಅಂದ್ಕೊಳ್ಳಿ. ಅಪ್ಲಿಕೇಶನ್‌ನಲ್ಲಿ 1,212 ಆಕ್ಟಿವ್ ಅಕೌಂಟ್. ಒಂದಿನ ಫೈಲ್‌ನಲ್ಲಿ 640 ಜನ ಮಾತ್ರ ಇದ್ದಾರೆ. ಕಾರಣ ಸಿಂಪಲ್: ಎಚ್‌ಆರ್ ಸಿಸ್ಟಮ್ ಫೈಲ್ ಇನ್ನೂ ಬರೀತಿತ್ತು, ನಿಮ್ಮ ಸ್ಕ್ರಿಪ್ಟ್ ಮಧ್ಯದಲ್ಲೇ ಓದ್ಬಿಡ್ತು. "ಇಲ್ಲ ಅಂದ್ರೆ ಬಿಟ್ಟಿದ್ದಾರೆ" ಅನ್ನೋ ಸ್ಕ್ರಿಪ್ಟ್ ಆಗಿದ್ರೆ 572 ಜನ ಹೊರಗೆ. 4ನೇ ಹಂತದ ರೂಲ್ ಇದ್ರೆ ಯಾರೂ ಹೊರಗೆ ಹೋಗಲ್ಲ, ಆದ್ರೂ ಆ ಫೈಲನ್ನ ಒಳಗೆ ಬಿಡ್ಲೇಬಾರ್ದು. ಎಕ್ಸ್‌ಪೋರ್ಟ್ ಮೊದ್ಲು ಬೇರೆ ಹೆಸರಲ್ಲಿ ಬರ್ದು ಮುಗಿದ ಮೇಲೆ ಅದೇ ಡಿಸ್ಕ್‌ನಲ್ಲಿ ಹೆಸರು ಬದಲಾಯಿಸೋ ಹಾಗೆ ಮಾಡ್ಸಿ, ಹೋದ ಸಲಕ್ಕಿಂತ ಸಾಲುಗಳು 5%ಗಿಂತ ಜಾಸ್ತಿ ಕಮ್ಮಿ ಆಗಿದ್ರೆ ರನ್ ನಿಲ್ಸಿ.

ಫೈಲ್ ಪೂರ್ತಿ ಇದ್ದು, ಸ್ಟೇಟಸ್ಸೇ ತಪ್ಪು ಅರ್ಥ ಕೊಡೋದು ಇನ್ನೂ ಕಷ್ಟದ ಕೇಸ್. ಒಂದು ವಿಭಾಗದ 140 ಜನರನ್ನ ಗುಂಪಿನ ಇನ್ನೊಂದು ಕಂಪನಿಗೆ ವರ್ಗ ಮಾಡ್ತಾರೆ, ಎಚ್‌ಆರ್ ಸಿಸ್ಟಮ್‌ನಲ್ಲಿ ಅದನ್ನ ಮಾಡೋ ರೀತಿ ಅಂದ್ರೆ ಹಳೇ ದಾಖಲೆ ಕ್ಲೋಸ್, ಹೊಸ ನಂಬರಿನಲ್ಲಿ ಹೊಸ ದಾಖಲೆ. ದಾಖಲೆ ಲೆಕ್ಕದಲ್ಲಿ 140 ಜನ ಬಿಟ್ರು, 140 ಜನ ಸೇರಿದ್ರು, ಒಟ್ಟು ಸಾಲು ಕಮ್ಮಿ ಆಗಿಲ್ಲ, ಫೈಲ್ ಚೆಕ್ ಪಾಸ್. ಇದನ್ನ ಹಿಡಿಯೋದು ಎರಡನೇ ಬ್ರೇಕ್ ಮಾತ್ರ:

```python
limit = max(5, int(active_count * 0.02))
if len(to_disable) > limit:
    stop_and_alert(to_disable)
```

1,212ಕ್ಕೆ 2% ಅಂದ್ರೆ 24. ಈ ರನ್‌ನಲ್ಲಿ 24ಕ್ಕಿಂತ ಜಾಸ್ತಿ ಜನ ಡಿಸೇಬಲ್ ಪಟ್ಟೀಲಿ ಇದ್ರೆ ಒಬ್ಬರನ್ನೂ ಮುಟ್ಬಾರ್ದು. "ಮೊದಲ 24 ಮಾಡಿ ಉಳಿದಿದ್ದು ನಿಲ್ಸು" ಅಂತ ಬರೆದಿರೋರನ್ನ ನೋಡಿದ್ದೀನಿ, ಗಂಟೆಗೊಂದು ಸಲ ಓಡೋ ಸ್ಕ್ರಿಪ್ಟ್ ಆದ್ರೆ ಗಂಟೆಗೆ 24 ಜನ ಹೊರಗೆ ಹೋಗ್ತಾ ಸಂಜೆಯೊಳಗೆ 140ನ್ನೂ ಮುಗ್ಸತ್ತೆ! ಹಾಗಾಗಿ ದಿನದ ಒಟ್ಟು ಲೆಕ್ಕಕ್ಕೂ ಒಂದು ಮಿತಿ ಇರ್ಲಿ. ಮಿತಿ ದಾಟಿದಾಗ ಮುಂದುವರಿಸೋಕೆ ಒಪ್ಪಿಗೆ ಕೊಡೋರು ಎಚ್‌ಆರ್‌ನವರು, ಆ ಒಪ್ಪಿಗೆ ಆ ಪಟ್ಟಿಗೆ ಮಾತ್ರ, ಮಿತಿಯನ್ನೇ 50%ಗೆ ಏರ್ಸಿ ಹಾಗೇ ಮರೆತುಬಿಡೋದು ಅಲ್ಲ.

ಹೊಸದಾಗಿ ಸೇರೋರ ವಿಷಯ ಇದಕ್ಕೆ ಹೋಲಿಸಿದ್ರೆ ಸಲೀಸು. ಸೇರೋ ದಿನಕ್ಕೆ ಮುಂಚೆ ಅಕೌಂಟ್ ಮಾಡಿ `active` ಅನ್ನ `false` ಇಟ್ಟು, ಆ ದಿನ ಬೆಳಿಗ್ಗೆ `true` ಮಾಡಿ. ಸೇರ್ತೀನಿ ಅಂತ ಹೇಳಿ ಬರದೇ ಇರೋರು ಇರ್ತಾರಲ್ಲ, ಅವರ ಅಕೌಂಟ್ ಓಪನ್ ಆಗಿ ಕೂರಲ್ಲ. ಅದೇ ವಿಭಾಗದ ಹಳಬರ ಅಕೌಂಟನ್ನ ಕಾಪಿ ಹೊಡೆದು ಅಧಿಕಾರ ಕೊಡೋ ಅಭ್ಯಾಸ ಇದ್ರೆ ನಿಲ್ಸಿ, ಹಳಬರು ವರ್ಷಗಟ್ಟಲೆ ಕೂಡಿಹಾಕಿದ್ದೆಲ್ಲಾ ಹೊಸಬರಿಗೆ ಮೊದಲ ದಿನವೇ ಬರತ್ತೆ.

## ಹಂತ 6: ಡಿಸೇಬಲ್ ಮಾಡೋ ಆರ್ಡರ್

ಮೊದ್ಲು ಈಗಿನ ಸ್ಥಿತಿಯ ಫೋಟೋ ತೆಗೆದಿಡಿ, ಅಂದ್ರೆ ಆ ಅಕೌಂಟಿನ ಗ್ರೂಪ್‌ಗಳು, ರೋಲ್‌ಗಳು, ಲೈಸೆನ್ಸ್, ಎಲ್ಲಾ ಸಿಂಕ್ ಡೇಟಾಬೇಸ್‌ಗೆ ಬರ್ಕೊಳ್ಳಿ. ತಪ್ಪಾಗಿ ಮುಚ್ಚಿದ್ರೆ ಇದರಿಂದಲೇ ವಾಪಸ್ ತರೋದು.

ಆಮೇಲೆ ಲಾಗಿನ್ ಮುಚ್ಚಿ:

```json
{
  "schemas": ["urn:ietf:params:scim:api:messages:2.0:PatchOp"],
  "Operations": [
    { "op": "replace", "path": "active", "value": false }
  ]
}
```

ಇದನ್ನ `PATCH` ಆಗಿ ಕಳಿಸಿ. `PUT` ಅಂದ್ರೆ ಇಡೀ ದಾಖಲೆಯನ್ನೇ ಬದಲಾಯಿಸು ಅಂತ ಅರ್ಥ, ಅದರಲ್ಲಿ ಬರೀ `active` ಕಳಿಸಿದ್ರೆ ನೀವು ಕಳಿಸದೇ ಇರೋ ಫೀಲ್ಡ್‌ಗಳನ್ನ ಅಪ್ಲಿಕೇಶನ್ ಖಾಲಿ ಮಾಡ್ಬಹುದು. `false`ಗೆ ಕೋಟ್ ಹಾಕ್ಬೇಡಿ, `"false"` ಅಂದ್ರೆ ಅದು ಬರೀ ಅಕ್ಷರ, ಕೆಲವು ಅಪ್ಲಿಕೇಶನ್ ಎರರ್ ಕೊಡತ್ತೆ, ಕೆಲವು ಸುಮ್ಮನೆ ಸತ್ಯ ಅಂತಲೇ ತಗೊಳ್ಳತ್ತೆ. ಉತ್ತರ 200 ಅಥವಾ 204 ಬಂತು ಅಂತ ನಂಬ್ಬೇಡಿ, ಅದೇ ಯೂಸರ್‌ಗೆ `GET` ಮಾಡಿ `active` ನಿಜವಾಗ್ಲೂ `false` ಆಗಿದೆಯಾ ಅಂತ ನೋಡಿ, ಆಗಿದ್ರೆ ಮಾತ್ರ ಲಾಗ್‌ನಲ್ಲಿ ಸಕ್ಸೆಸ್ ಬರೀರಿ. "ಲಾಗ್‌ನಲ್ಲಿ ಸರಿ ಇದೆ, ಆದ್ರೆ ಒಳಗಿದ್ದಾರೆ" ಅನ್ನೋ ಕೇಸ್‌ಗಳಲ್ಲಿ ಎಷ್ಟೋ ಇಲ್ಲೇ ಮುಗಿಯತ್ತೆ.

ಮುಂದಿನದು ತೆರೆದಿರೋ ಸೆಶನ್‌ಗಳು. ಡಿಸೇಬಲ್ ಅನ್ನೋದು ಹೊಸ ಲಾಗಿನ್ ತಡೆಯತ್ತೆ, ಈಗಾಗ್ಲೇ ಒಳಗಿರೋರನ್ನ ಹೊರಗೆ ಹಾಕತ್ತೆ ಅಂತೇನಿಲ್ಲ. ಗೇಟಿಗೆ ಬೀಗ ಹಾಕಿದ್ರೆ ಒಳಗೆ ಕೂತಿರೋರು ಎದ್ದು ಹೋಗಲ್ವಲ್ಲ, ಹಾಗೆ. ಕಂಪನಿ ಸಿಂಗಲ್ ಸೈನ್ ಆನ್‌ನಲ್ಲಿ ಮುಚ್ಚಿದ್ರೂ ಅಪ್ಲಿಕೇಶನ್ ತನ್ನದೇ ಕುಕೀ ಇಟ್ಕೊಂಡಿರತ್ತೆ, ಮೊಬೈಲ್ ಆಪ್‌ನಲ್ಲಿ ರಿಫ್ರೆಶ್ ಟೋಕನ್ ವಾರಗಟ್ಟಲೆ ಬದುಕಿರ್ಬಹುದು. ಆ ಯೂಸರ್‌ನ ಎಲ್ಲಾ ಸೆಶನ್ ರದ್ದು ಮಾಡೋ ಎಪಿಐ ಕರೀರಿ. ಅಪ್ಲಿಕೇಶನ್ ನಿಮ್ಮದೇ ಆಗಿದ್ದು ಜೆಡಬ್ಲ್ಯೂಟಿ ಬಳಸ್ತಿದ್ರೆ, ಸಹಿ ಆದ ಟೋಕನ್ ತನ್ನ `exp` ಟೈಮ್‌ವರೆಗೂ ಚಾಲ್ತಿ ಇರತ್ತೆ ಅನ್ನೋದು ನೆನಪಿರ್ಲಿ, ಅದರ ಆಯಸ್ಸನ್ನ 15 ನಿಮಿಷದ ಆಸುಪಾಸು ಇಡಿ, ಇಲ್ಲಾಂದ್ರೆ ಪ್ರತಿ ರಿಕ್ವೆಸ್ಟ್‌ಗೂ ಅಕೌಂಟ್ ಇನ್ನೂ ಆಕ್ಟಿವ್ ಇದೆಯಾ ಅಂತ ನೋಡೋ ಹಾಗೆ ಮಾಡಿ.

ಅದಾದ್ಮೇಲೆ ಪಾಸ್‌ವರ್ಡ್ ಬೇಡದ ದಾರಿಗಳು. ಆ ವ್ಯಕ್ತಿ ಮಾಡ್ಕೊಂಡಿದ್ದ ಎಪಿಐ ಕೀಗಳು, ಬೇರೆ ಆಪ್‌ಗಳಿಗೆ ಕೊಟ್ಟ ಅನುಮತಿ, ಎಸ್‌ಎಸ್‌ಎಚ್ ಕೀ. ಲಿನಕ್ಸ್ ಸರ್ವರ್‌ನಲ್ಲಿ `passwd -l` ಮಾಡಿ ಮುಗೀತು ಅನ್ನೋರಿಗೆ ಇದು: ಅದು ಪಾಸ್‌ವರ್ಡ್ ಮಾತ್ರ ಲಾಕ್ ಮಾಡತ್ತೆ, ಕೀ ಇಟ್ಕೊಂಡು ಬರೋರಿಗೆ ಬಾಗಿಲು ತೆರೆದೇ ಇರತ್ತೆ. ಅಕೌಂಟನ್ನೇ ಎಕ್ಸ್‌ಪೈರ್ ಮಾಡ್ಬೇಕು:

```
usermod --lock --expiredate 1 username
```

ಇದಾದ್ರೂ ಈಗಾಗ್ಲೇ ಓಡ್ತಿರೋ ಪ್ರೋಸೆಸ್‌ಗಳು ನಿಲ್ಲಲ್ಲ, ಅವನ್ನ ಬೇರೆಯಾಗಿ ನಿಲ್ಲಿಸ್ಬೇಕು. ಹಾಗೇ ನಿಮ್ಮ ಅಪ್ಲಿಕೇಶನ್‌ನ "ಪಾಸ್‌ವರ್ಡ್ ಮರೆತಿದ್ದೀರಾ" ಲಿಂಕನ್ನ ಡಿಸೇಬಲ್ ಆದ ಒಂದು ಟೆಸ್ಟ್ ಅಕೌಂಟಿನಲ್ಲಿ ಒತ್ತಿ ನೋಡಿ, ಅದರಿಂದ ಅಕೌಂಟ್ ಮತ್ತೆ ಎದ್ದು ಕೂತ್ರೆ ಇಷ್ಟೊತ್ತು ಮಾಡಿದ್ದೆಲ್ಲಾ ವೇಸ್ಟ್.

ಗ್ರೂಪ್‌ಗಳನ್ನ ಮಾತ್ರ ಆವತ್ತೇ ತೆಗೀಬೇಡಿ ಅಂತ ನನ್ನ ಅಭಿಪ್ರಾಯ. ಲಾಗಿನ್, ಸೆಶನ್, ಟೋಕನ್ ಮೂರೂ ಮುಚ್ಚಿದ ಮೇಲೆ ಗ್ರೂಪ್ ಒಂದು ವಾರ ಉಳಿದ್ರೆ ಯಾರಿಗೂ ತೊಂದ್ರೆ ಇಲ್ಲ, ತಪ್ಪಾಗಿದ್ರೆ `active` ಒಂದನ್ನ ತಿರುಗಿಸಿದ್ರೆ ಸಾಕು. ಏಳು ದಿನ ಆದ್ಮೇಲೆ ಗ್ರೂಪ್ ಮತ್ತೆ ಲೈಸೆನ್ಸ್ ತೆಗೀರಿ.

## ಹಂತ 7: ಒಂದು ಕೇಸ್ ಪೂರ್ತಿ ನೋಡೋಣ

ನಂಬರ್ `004571`, ಲೆಕ್ಕಪತ್ರ ವಿಭಾಗ. ಕೊನೇ ಕೆಲಸದ ದಿನ ಸೋಮವಾರ, 31 ಮಾರ್ಚ್ 2025. ಎಚ್‌ಆರ್‌ನವರು ಇದನ್ನ 20ನೇ ತಾರೀಖೇ ಸಿಸ್ಟಮ್‌ಗೆ ಹಾಕಿದ್ರು, ಸ್ಟೇಟಸ್ ಆಗ್ಲೇ "ಬಿಟ್ಟಿದ್ದಾರೆ" ಅಂತ ಬದಲಾಯ್ತು. ಸ್ಟೇಟಸ್ ಮಾತ್ರ ನೋಡೋ ಸ್ಕ್ರಿಪ್ಟ್ ಆಗಿದ್ರೆ 11 ದಿನ ಮುಂಚೆನೇ ಹೊರಗೆ. ನಮ್ಮದು ದಿನಾಂಕವನ್ನೂ ನೋಡೋದ್ರಿಂದ ಬರೀ "ಮುಂದೆ ಬಿಡ್ತಾರೆ" ಅಂತ ಗುರುತು ಹಾಕ್ತು, ಮತ್ತೆ ಆವತ್ತೇ ಅವರ ಹೆಸರಲ್ಲಿ ಏನೇನು ಓಡ್ತಿದೆ ಅಂತ ಪಟ್ಟಿ ತೆಗೆದು ಅವರ ಮ್ಯಾನೇಜರ್‌ಗೆ ಕಳಿಸ್ತು.

ಆ ಪಟ್ಟೀಲಿ ಮೂರು ಸಿಕ್ಕಿತು ಅಂದ್ಕೊಳ್ಳಿ: ಪ್ರತಿ ತಿಂಗಳ 1ನೇ ತಾರೀಖು ಹೋಗೋ ಒಂದು ಶೆಡ್ಯೂಲ್ಡ್ ರಿಪೋರ್ಟ್, ಬಿಲ್ ಅಪ್ರೂವಲ್‌ನಲ್ಲಿ ಎರಡನೇ ಅಪ್ರೂವರ್ ಆಗಿ ಅವರ ಹೆಸರು, ಅವರ ಪರ್ಸನಲ್ ಟೋಕನ್‌ನಲ್ಲಿ ಓಡ್ತಿರೋ ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಇಂಪೋರ್ಟ್. ಇದ್ಯಾವುದೂ ಗೊತ್ತಿಲ್ಲದೆ 31ಕ್ಕೆ ಮುಚ್ಚಿದ್ರೆ ಮಾರನೇ ದಿನ ರಿಪೋರ್ಟ್ ಹೋಗಲ್ಲ, ಬಿಲ್‌ಗಳು ನಿಂತ್ಕೊಳ್ಳತ್ತೆ, ಇಂಪೋರ್ಟ್ ಫೇಲ್. ಆಗ ಗಾಬರಿಯಲ್ಲಿ ಯಾರೋ "ಸದ್ಯಕ್ಕೆ ಆ ಅಕೌಂಟ್ ಆನ್ ಮಾಡಿ" ಅಂತಾರೆ, ಆ ಸದ್ಯಕ್ಕೆ ಅನ್ನೋದು ವರ್ಷಗಟ್ಟಲೆ ಹೋಗತ್ತೆ. 11 ದಿನ ಇದ್ರೆ ರಿಪೋರ್ಟನ್ನ ಇನ್ನೊಬ್ಬರ ಹೆಸರಿಗೆ, ಅಪ್ರೂವಲನ್ನ ಮ್ಯಾನೇಜರ್‌ಗೆ, ಇಂಪೋರ್ಟನ್ನ ಒಂದು ಸರ್ವಿಸ್ ಅಕೌಂಟಿಗೆ ಸಮಾಧಾನವಾಗಿ ವರ್ಗಾಯಿಸ್ಬಹುದು.

ಆ ಆಫೀಸಿಗೆ ಇಟ್ಟಿರೋ ರೂಲ್ ಕೊನೇ ದಿನ ಸಂಜೆ 7 ಗಂಟೆ. ಸಿಂಕ್ ಗಂಟೆಗೊಂದು ಸಲ ಓಡೋದ್ರಿಂದ 7 ಗಂಟೆ ರನ್ ಅವರನ್ನ ಡಿಸೇಬಲ್ ಪಟ್ಟಿಗೆ ಹಾಕತ್ತೆ, ಪಟ್ಟೀಲಿ ಒಟ್ಟು ಮೂರು ಜನ, ಮಿತಿ 24, ಮುಂದೆ ಹೋಗ್ಬಹುದು. ಫೋಟೋ, `active` ಮುಚ್ಚೋದು, `GET` ಮಾಡಿ ಖಚಿತ ಮಾಡ್ಕೊಳ್ಳೋದು, ಸೆಶನ್ ರದ್ದು, ಉಳಿದಿರೋ ಒಂದು ಟೋಕನ್ ರದ್ದು. ಸೆಶನ್ ರದ್ದು ಮಾಡೋ ಕಾಲ್‌ಗೆ 429 ಬಂತು ಅಂದ್ರೆ, ಅಂದ್ರೆ ತುಂಬಾ ಬೇಗ ಬೇಗ ಕೇಳ್ತಿದ್ದೀರ ಅಂತ, `Retry-After`ನಲ್ಲಿ ಹೇಳಿದಷ್ಟು ಹೊತ್ತು ಕಾದು ಅದೇ ಹೆಜ್ಜೆಯಿಂದ ಮುಂದುವರೀಬೇಕು. ಐದರಲ್ಲಿ ಮೂರು ಹೆಜ್ಜೆ ಆಗಿದ್ರೆ ಆ ವ್ಯಕ್ತಿಯ ಸ್ಥಿತಿ "ಅರ್ಧ ಆಗಿದೆ" ಅಂತಲೇ ಇರ್ಬೇಕು, "ಆಯ್ತು" ಅಂತ ಅಲ್ಲ.

ಇದೇ ವ್ಯಕ್ತಿಯನ್ನ ಆ ಕ್ಷಣವೇ ಕೆಲಸದಿಂದ ತೆಗೆದಿದ್ರೆ? ಮುಂದಿನ ರನ್‌ಗೆ ಕಾಯೋಕಾಗಲ್ಲ. ಅದಕ್ಕೆ ಬೇರೆ ಸ್ಕ್ರಿಪ್ಟ್ ಬರೀಬೇಡಿ, 6ನೇ ಹಂತದ ಅದೇ ಕೋಡನ್ನ ಒಂದು ನಂಬರ್ ಕೊಟ್ಟು ಕೈಯಿಂದ ಓಡ್ಸೋ ಹಾಗಿರ್ಲಿ. ಜೊತೆಗೆ ಒಂದು ತಡೆ ಗುರುತು ಹಾಕಿ, ಯಾಕಂದ್ರೆ ಎಚ್‌ಆರ್ ದಾಖಲೇಲಿ ಅವರು ಇನ್ನೂ ಕೆಲಸದಲ್ಲಿ ಇರೋ ಹಾಗೆ ಕಾಣತ್ತೆ, ಗಂಟೆ ಕಳೆದು ಬರೋ ಮಾಮೂಲಿ ರನ್ "ಅರೆ, ಇವರು ಆಕ್ಟಿವ್ ಇರ್ಬೇಕಲ್ಲ" ಅಂತ ವಾಪಸ್ ಆನ್ ಮಾಡ್ಬಿಡತ್ತೆ. ಕೈಯಿಂದ ಮುಚ್ಚಿದ್ದನ್ನ ಸಿಂಕ್ ಎಂದಿಗೂ ತಾನಾಗಿ ತೆರೀಬಾರ್ದು.

## ಹಂತ 8: ವಾಪಸ್ ಬರೋರು, ಮತ್ತೆ ಅಳಿಸೋದು

ಬಿಟ್ಟವರು ಎಂಟು ತಿಂಗಳು ಆದ್ಮೇಲೆ ಮತ್ತೆ ಸೇರ್ತಾರೆ. ಎಚ್‌ಆರ್ ಹಳೇ ನಂಬರೇ ಕೊಟ್ರೆ ಸ್ಕ್ರಿಪ್ಟ್‌ಗೆ ಹಳೇ ಅಕೌಂಟ್ ಸಿಗತ್ತೆ, ಅದನ್ನ ಆನ್ ಮಾಡೋದು ಸರಿ, ಆದ್ರೆ ಹಳೇ ಗ್ರೂಪ್‌ಗಳಿಲ್ಲದೆ, ಈಗಿನ ವಿಭಾಗಕ್ಕೆ ಏನು ಬೇಕೋ ಅಷ್ಟೇ ಕೊಟ್ಟು. ತೆಗೆದಿಟ್ಟ ಫೋಟೋ ತಪ್ಪು ಸರಿ ಮಾಡೋಕೆ ಇರೋದು, ಮರಳಿ ಸೇರೋರಿಗೆ ಅಲ್ಲ. ಹೊಸ ನಂಬರ್ ಕೊಟ್ಟಿದ್ರೆ ಅದೇ ಇಮೇಲ್ ಹಳೇ ಅಕೌಂಟಿನಲ್ಲಿ ಇರೋದ್ರಿಂದ ಹೊಸದು ಮಾಡೋವಾಗ 409 ಬರತ್ತೆ. ಆಗ ಸ್ಕ್ರಿಪ್ಟ್ ತಾನೇ ಜೋಡಿಸ್ಬಾರ್ದು, ಮನುಷ್ಯರ ಮುಂದೆ ಇಡ್ಬೇಕು.

ಅಳಿಸೋದನ್ನ ಈ ಸಿಂಕ್‌ನ ಕೈಗೆ ಕೊಡ್ಲೇಬೇಡಿ, ಆ ಎಪಿಐ ಕೀಗೆ `DELETE` ಅಧಿಕಾರವೇ ಇರ್ಬಾರ್ದು. ಕೆಲವು ಅಪ್ಲಿಕೇಶನ್‌ಗಳಲ್ಲಿ ಅಳಿಸಿದ್ರೆ ಅವರ ಫೈಲ್‌ಗಳೂ ಹೋಗತ್ತೆ, ಹಳೇ ಅಪ್ರೂವಲ್‌ನಲ್ಲಿ ಹೆಸರಿನ ಜಾಗ ಖಾಲಿ ಆಗತ್ತೆ, ಆಡಿಟ್‌ನವರು ಈ ಬಿಲ್‌ಗೆ ಯಾರು ಸಹಿ ಹಾಕಿದ್ದು ಅಂತ ಕೇಳಿದ್ರೆ ಉತ್ತರ ಇರಲ್ಲ. ಎಷ್ಟು ದಿನ ಇಟ್ಕೋಬೇಕು, ಯಾವಾಗ ಅಳಿಸ್ಲೇಬೇಕು ಅನ್ನೋದು ನಿಮ್ಮ ಸಂಸ್ಥೆಗೆ ಅನ್ವಯ ಆಗೋ ಕಾನೂನು ಹೇಳತ್ತೆ, ಅದು ಬೇರೆ ಒಪ್ಪಿಗೆ, ಬೇರೆ ಕೆಲಸ, ಬೇರೆ ಕೀ.

## ಏನೋ ಸರಿ ಇಲ್ಲ ಅಂತ ತಿಳಿಯೋದು ಹೇಗೆ

ಕೆಟ್ಟ ಸುದ್ದಿ ಮೌನವಾಗಿ ಬರತ್ತೆ. ಎಕ್ಸ್‌ಪೋರ್ಟ್ ನಿಂತುಹೋಗಿ ಸ್ಕ್ರಿಪ್ಟ್ ನಿನ್ನೆಯ ಫೈಲನ್ನೇ ಓದ್ತಿದ್ರೆ "ಬದಲಾವಣೆ ಏನೂ ಇಲ್ಲ, ಸಕ್ಸೆಸ್" ಅಂತ ದಿನಾ ಬರತ್ತೆ, ಅದಕ್ಕೆ ಫೈಲ್ ಎಷ್ಟು ಹಳೇದು ಅನ್ನೋದನ್ನೂ ಚೆಕ್ ಮಾಡಿ. 1,200 ಜನರ ಜಾಗದಲ್ಲಿ ಎರಡು ವಾರ ಯಾರೂ ಸೇರಿಲ್ಲ ಯಾರೂ ಬಿಟ್ಟಿಲ್ಲ ಅಂದ್ರೆ ಅನುಮಾನ ಪಡಿ. ಡಿಸೇಬಲ್ ಆದವರು ಕೈಯಿಂದ ಮತ್ತೆ ಆನ್ ಆಗ್ತಿದ್ರೆ 7ನೇ ಹಂತದ ಹಸ್ತಾಂತರ ನಡೀತಿಲ್ಲ ಅಂತ ಅರ್ಥ. ಎಚ್‌ಆರ್‌ನವರು ಕೊನೇ ದಿನವನ್ನ ಅದು ದಾಟಿದ ಮೇಲೆ ತುಂಬ್ತಿದ್ರೆ ಸ್ಕ್ರಿಪ್ಟ್ ಎಷ್ಟೇ ಚೆನ್ನಾಗಿದ್ರೂ ಲೇಟೇ, ದಾಖಲೆ ತುಂಬಿದ ದಿನ ಮತ್ತೆ ಕೊನೇ ದಿನದ ನಡುವಿನ ಅಂತರವನ್ನ ತಿಂಗಳಿಗೊಮ್ಮೆ ತೆಗೆದು ಅವರಿಗೇ ಕಳಿಸಿ.

ಇನ್ನು ನಿಜವಾದ ಪರೀಕ್ಷೆ ಒಂದೇ. ತಿಂಗಳಿಗೊಮ್ಮೆ ಒಂದು ಟೆಸ್ಟ್ ಅಕೌಂಟ್ ಸೇರ್ಸಿ, ಬ್ರೌಸರ್‌ನಲ್ಲಿ ಮತ್ತೆ ಮೊಬೈಲ್‌ನಲ್ಲಿ ಲಾಗಿನ್ ಆಗಿ, ಒಂದು ಎಪಿಐ ಟೋಕನ್ ಮಾಡ್ಕೊಂಡು, ಆಮೇಲೆ ಎಚ್‌ಆರ್ ಕಡೆಯಿಂದಲೇ ಅದನ್ನ ಬಿಟ್ಟವರು ಅಂತ ಮಾಡ್ಸಿ. ಅರ್ಧ ಗಂಟೆ ಬಿಟ್ಟು ಒಂದೊಂದು ಸಲ, ಬ್ರೌಸರ್, ಮೊಬೈಲ್, ಟೋಕನ್ ಮೂರನ್ನೂ ಒತ್ತಿ ನೋಡಿ, ಕೊನೇದು ಯಾವುದು ಯಾವಾಗ ಸತ್ತಿತು ಅಂತ ಟೈಮ್ ಬರ್ಕೊಳ್ಳಿ. ಆಡಿಟ್‌ನವರು "ಬಿಟ್ಟವರ ಆಕ್ಸೆಸ್ ಎಷ್ಟು ಹೊತ್ತಲ್ಲಿ ಹೋಗತ್ತೆ" ಅಂತ ಕೇಳಿದ್ರೆ ಕೊಡ್ಬೇಕಾದ ನಂಬರ್ ಅದು, ಸ್ಕ್ರಿಪ್ಟ್ ಓಡೋಕೆ ತಗೊಂಡ ಟೈಮ್ ಅಲ್ಲ.